ಪಾಂಗಾಂಗ್ ದಡದ ಎರಡನೆಯ ರಾತ್ರಿ: ಶ್ವಾಸಕೋಶದಲ್ಲಿ ನೀರು ತುಂಬಿದ ಒಂದು ಪ್ರಕರಣ ಮತ್ತು ಇಳಿಯುವ ದಾರಿಯ ಆಯ್ಕೆ

ರೋಗಿ ಬೆಂಗಳೂರಿನಲ್ಲಿ ನೆಲೆಸಿರುವ 41 ವರ್ಷದ ಪುರುಷ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾ ಯಾವುದೂ ಇಲ್ಲ, ಧೂಮಪಾನದ ಅಭ್ಯಾಸವಿಲ್ಲ, ದಿನವೂ ಬೆಳಿಗ್ಗೆ ಐದು ಕಿಲೋಮೀಟರ್ ಓಡುವವರು. ಹೆಂಡತಿ ಮತ್ತು ಇನ್ನೊಂದು ದಂಪತಿಯೊಂದಿಗೆ ಜುಲೈ ತಿಂಗಳಲ್ಲಿ ಲಡಾಖ್ ಪ್ರವಾಸಕ್ಕೆ ಹೊರಟಾಗ ಅವರಿಗೆ ಸಣ್ಣದಾಗಿ ನೆಗಡಿ ಇತ್ತು. ಇಲ್ಲಿ ಹೇಳುತ್ತಿರುವುದು ಯಾವುದೋ ಒಬ್ಬ ವ್ಯಕ್ತಿಯ ವೈದ್ಯಕೀಯ ದಾಖಲೆಯಲ್ಲ. ವಿಮಾನದಲ್ಲಿ ಲೇಹ್ ತಲುಪಿ ಪಾಂಗಾಂಗ್‌ಗೆ ಹೋಗುವ ಪ್ರವಾಸಿಗರಲ್ಲಿ ಒಂದೇ ಬಗೆಯಲ್ಲಿ ಮರುಕಳಿಸುವ ಘಟನೆಗಳನ್ನು ಒಬ್ಬ ರೋಗಿಯ ಮೇಲಿಟ್ಟು ಬರೆದ ಪ್ರಕರಣ ಇದು. ಕಾಯಿಲೆಯನ್ನು ಗುರುತಿಸುವುದಕ್ಕಿಂತಲೂ ಗುರುತಿಸಿದ ಮೇಲೆ ಯಾವ ದಾರಿ ಹಿಡಿಯಬೇಕು ಎಂಬುದು ಇದರಲ್ಲಿ ಕಷ್ಟವಾಗುತ್ತದೆ, ಆದ್ದರಿಂದ ಆ ಭಾಗವನ್ನು ವಿಸ್ತಾರವಾಗಿ ಬರೆದಿದ್ದೇನೆ.

ಪ್ರಯಾಣದ ಕ್ರಮ

ಮೊದಲ ದಿನ ಬೆಳಿಗ್ಗೆ ಅವರು ದೆಹಲಿಯ ಮೂಲಕ ಲೇಹ್‌ಗೆ ಬಂದಿಳಿದರು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್‌ನಲ್ಲಿದೆ. ಒಂದು ರಾತ್ರಿ ಕಳೆಯುವುದರೊಳಗೆ ಎರಡೂವರೆ ಸಾವಿರ ಮೀಟರ್ ಏರಿದಂತಾಯಿತು. ಎರಡು ರಾತ್ರಿ ಲೇಹ್‌ನಲ್ಲಿ ತಂಗಿ, ಮೂರನೆಯ ದಿನ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆಯ ಹುಂಡರ್‌ಗೆ ಹೋದರು. ಖಾರ್ದುಂಗ್ ಲಾ 5,300 ಮೀಟರ್‌ಗಿಂತ ಎತ್ತರವಾದರೂ ಅಲ್ಲಿ ಕಳೆದದ್ದು ಅರ್ಧ ಗಂಟೆ ಮಾತ್ರ, ಮಲಗಿದ್ದು ಹುಂಡರ್‌ನ ಸುಮಾರು 3,100 ಮೀಟರ್‌ನಲ್ಲಿ. ನಾಲ್ಕನೆಯ ದಿನ ಶ್ಯೋಕ್ ನದಿಯ ದಂಡೆಯ ರಸ್ತೆಯಲ್ಲಿ ಸಾಗಿ, ದುರ್ಬುಕ್ ಮತ್ತು ತಂಗ್ತ್ಸೆ ದಾಟಿ, ಸಂಜೆಗೆ ಪಾಂಗಾಂಗ್ ಸರೋವರದ ದಡದ ಸ್ಪಾಂಗ್ಮಿಕ್ ತಲುಪಿದರು. ಅಲ್ಲಿನ ಎತ್ತರ ಸುಮಾರು 4,250 ಮೀಟರ್. ಟೆಂಟ್‌ನಲ್ಲಿ ಎರಡು ರಾತ್ರಿ ಉಳಿಯುವ ಏರ್ಪಾಡಾಗಿತ್ತು.

ಪ್ರವಾಸದ ಕಂಪನಿಗಳು ಮಾರುವ ಆರು ಅಥವಾ ಏಳು ದಿನದ ಪ್ಯಾಕೇಜುಗಳಲ್ಲಿ ಇದು ತೀರಾ ಸಾಮಾನ್ಯವಾದ ಕ್ರಮ. ಲೇಹ್‌ನಲ್ಲಿ 48 ಗಂಟೆ ವಿಶ್ರಾಂತಿ ಎಂಬ ಸಲಹೆಯನ್ನು ಪಾಲಿಸಿದ್ದರಿಂದ ಎಲ್ಲವೂ ಸರಿಯಾಗಿದೆ ಎಂದು ಇವರು ನಂಬಿದ್ದರು. ಆದರೆ ಎತ್ತರಕ್ಕೆ ಸಂಬಂಧಿಸಿದ ಲೆಕ್ಕ ನಡೆಯುವುದು ಹಗಲಿನಲ್ಲಿ ಎಲ್ಲಿಗೆ ಹೋದಿರಿ ಎಂಬುದರ ಮೇಲಲ್ಲ, ರಾತ್ರಿ ಎಲ್ಲಿ ಮಲಗಿದಿರಿ ಎಂಬುದರ ಮೇಲೆ. ಮೂರನೆಯ ರಾತ್ರಿ 3,100, ನಾಲ್ಕನೆಯ ರಾತ್ರಿ 4,250. ಒಂದೇ ಜಿಗಿತದಲ್ಲಿ 1,150 ಮೀಟರ್. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಯಿಂದ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಹೆಚ್ಚಿಗೆ ಅದೇ ಎತ್ತರದಲ್ಲಿ ನಿಲ್ಲಬೇಕು ಎಂಬುದು ಪರ್ವತ ವೈದ್ಯಕೀಯದ ಒಪ್ಪಿತ ನಿಯಮ. ನುಬ್ರಾದ ತಗ್ಗಿನಿಂದ ಹೊರಟದ್ದರಿಂದ ಈ ಏರಿಕೆ ಇನ್ನಷ್ಟು ಕಡಿದಾಯಿತು.

ಮೊದಲ ತಲೆನೋವು

ಲೇಹ್ ತಲುಪಿದ ದಿನ ಸಂಜೆಯ ಹೊತ್ತಿಗೆ ಇವರಿಗೆ ಹಣೆಯುದ್ದಕ್ಕೂ ತಲೆನೋವು ಬಂತು, ಊಟ ಸೇರಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಕಡಿಮೆಯಾಯಿತು. ವೈದ್ಯರು ಎ.ಎಂ.ಎಸ್. ಎಂದು ಕರೆಯುವ ಎತ್ತರದ ಅಸ್ವಸ್ಥತೆ ಇದೇ. ಹೊಸ ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ಅದರ ಜೊತೆಗೆ ಹಸಿವಿಲ್ಲದಿರುವುದು ಅಥವಾ ವಾಕರಿಕೆ, ಸುಸ್ತು, ತಲೆಸುತ್ತು ಕಾಣಿಸಿಕೊಳ್ಳುತ್ತದೆ. ಇನ್ನೂ ಮೇಲೆ ಹೋಗದಿದ್ದರೆ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ.

ಇದರ ಮೂಲ ಗಾಳಿಯ ಒತ್ತಡದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡ 21, ಎತ್ತರಕ್ಕೆ ಹೋದಂತೆ ಕುಸಿಯುವುದು ಒಟ್ಟು ಒತ್ತಡ. ಬೆಂಗಳೂರಿನಲ್ಲಿ ಅದು ಸುಮಾರು 685 ಮಿಲಿಮೀಟರ್ ಪಾದರಸ, ಲೇಹ್‌ನಲ್ಲಿ 500ರ ಆಸುಪಾಸು, ಪಾಂಗಾಂಗ್‌ನಲ್ಲಿ ಸುಮಾರು 455. ಒಳಗೆ ಹೋದ ಗಾಳಿ ಶ್ವಾಸನಾಳದಲ್ಲಿ ತೇವವಾಗುವಾಗ ನೀರಾವಿಯೇ 47 ಮಿಲಿಮೀಟರ್‌ನಷ್ಟು ಜಾಗ ಹಿಡಿಯುತ್ತದೆ. ಅದನ್ನು ಕಳೆದು ಉಳಿದದ್ದರಲ್ಲಿ ಶೇಕಡ 21 ತೆಗೆದರೆ, ಶ್ವಾಸಕೋಶಕ್ಕೆ ನಿಜವಾಗಿ ಸಿಗುವ ಆಮ್ಲಜನಕದ ಒತ್ತಡ ಬೆಂಗಳೂರಿನಲ್ಲಿ 134, ಲೇಹ್‌ನಲ್ಲಿ 95, ಪಾಂಗಾಂಗ್‌ನಲ್ಲಿ 86 ಎಂದು ಬರುತ್ತದೆ. ಈ ಮೂರು ಸಂಖ್ಯೆಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಳಿಯುವ ದಾರಿಯನ್ನು ಆರಿಸುವಾಗ ಇದೇ ಲೆಕ್ಕ ಮತ್ತೆ ಬೇಕಾಗುತ್ತದೆ.

ಆಮ್ಲಜನಕ ಕಡಿಮೆಯಾದದ್ದನ್ನು ಗ್ರಹಿಸಿದ ದೇಹ ಉಸಿರಾಟವನ್ನು ಹೆಚ್ಚಿಸುತ್ತದೆ. ಹೆಚ್ಚು ಉಸಿರಾಡಿದಂತೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಆಗ ಮಿದುಳಿನಲ್ಲಿರುವ ಉಸಿರಾಟದ ಕೇಂದ್ರ "ಸಾಕು, ನಿಧಾನಿಸು" ಎಂದು ತಡೆಯೊಡ್ಡುತ್ತದೆ. ಮೂತ್ರಪಿಂಡಗಳು ಎರಡು ಮೂರು ದಿನಗಳಲ್ಲಿ ಕ್ಷಾರಗುಣದ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಿದ ಮೇಲೆ ಈ ತಡೆ ಸಡಿಲವಾಗುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವುದು ಎಂದರೆ ಮೊದಲ ದಿನಗಳಲ್ಲಿ ಬಹುಮಟ್ಟಿಗೆ ಇಷ್ಟೇ. ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಇದೇ ಕೆಲಸವನ್ನು ಬೇಗ ಮಾಡಿಸುತ್ತದೆ. ತಡೆಗಟ್ಟಲು ವಯಸ್ಕರಿಗೆ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ ಸಾಕು, ಏರುವ ಹಿಂದಿನ ದಿನವೇ ಶುರುಮಾಡಬೇಕು. ಬೆರಳ ತುದಿಗಳು ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಸಾಮಾನ್ಯ ಪರಿಣಾಮಗಳು. ನಮ್ಮ ರೋಗಿ ಇದನ್ನು ತಂದಿದ್ದರು. ಆದರೆ ತಲೆನೋವು ಬಂದಾಗ ಒಂದು ಮಾತ್ರೆ ನುಂಗಿ, ನೋವು ಇಳಿದ ಮೇಲೆ ಬಿಟ್ಟುಬಿಟ್ಟಿದ್ದರು. ಅದು ತಲೆನೋವಿನ ಮಾತ್ರೆಯಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರ ಕಿಸೆಯಲ್ಲಿ ಇನ್ನೊಂದು ವಸ್ತುವೂ ಇತ್ತು, ಬಿಳಿ ಬಟ್ಟೆಯಲ್ಲಿ ಕಟ್ಟಿದ ಕರ್ಪೂರದ ಪೊಟ್ಟಣ. ಹಿಮಾಲಯಕ್ಕೆ ಹೋಗುವ ನಮ್ಮ ಕಡೆಯ ಯಾತ್ರಿಕರಲ್ಲಿ ಇದಿಲ್ಲದವರು ಅಪರೂಪ. ಕರ್ಪೂರದ ಘಾಟು ಮೂಗಿನೊಳಗಿನ ತಂಪಿನ ನರಗಳನ್ನು ಕೆರಳಿಸುವುದರಿಂದ ಉಸಿರು ಸರಾಗವಾದಂತೆ ಅನ್ನಿಸುತ್ತದೆ, ರಕ್ತದ ಆಮ್ಲಜನಕ ಮಾತ್ರ ಇದ್ದಷ್ಟೇ ಇರುತ್ತದೆ. ಇದನ್ನು ಇಲ್ಲಿ ಪ್ರಸ್ತಾಪಿಸುತ್ತಿರುವುದಕ್ಕೆ ಕಾರಣವಿದೆ. ಮುಂದೆ ಪಾಂಗಾಂಗ್‌ನ ಒಂದು ಸಂಜೆ ಕರ್ಪೂರ ಕೊಟ್ಟ ಸಮಾಧಾನದಲ್ಲಿ ಅಮೂಲ್ಯವಾದ ನಾಲ್ಕು ಗಂಟೆಗಳು ಕಳೆದುಹೋದವು.

ಎರಡನೆಯ ರಾತ್ರಿ

ಪಾಂಗಾಂಗ್‌ನ ಮೊದಲ ರಾತ್ರಿ ನಾಲ್ವರಿಗೂ ಸರಿಯಾಗಿ ನಿದ್ದೆ ಬರಲಿಲ್ಲ, ಇದು ಆ ಎತ್ತರದಲ್ಲಿ ನಿರೀಕ್ಷಿತವೇ. ಐದನೆಯ ದಿನ ಬೆಳಿಗ್ಗೆ ನಮ್ಮ ರೋಗಿಗೆ ತಲೆನೋವೇನೂ ಇರಲಿಲ್ಲ. ಫೋಟೋ ತೆಗೆಯಲೆಂದು ಟೆಂಟುಗಳ ಹಿಂದಿನ ಗುಡ್ಡವನ್ನು ಚುರುಕಾಗಿ ಹತ್ತಿ ಇಳಿದರು. ಸಂಜೆ ಸರೋವರದ ದಡದಿಂದ ಟೆಂಟಿಗೆ ಬರುವ ಸಣ್ಣ ಏರಿನಲ್ಲಿ, ದಿನವೂ ಓಡುವ ಈ ಮನುಷ್ಯ, ವ್ಯಾಯಾಮದ ಅಭ್ಯಾಸವೇ ಇಲ್ಲದ ಗೆಳೆಯನಿಗಿಂತ ಹಿಂದೆ ಬಿದ್ದರು. ಮೂರು ಕಡೆ ನಿಂತು ಸುಧಾರಿಸಿಕೊಂಡರು. ಒಣ ಕೆಮ್ಮು ಶುರುವಾಗಿತ್ತು. ರಸ್ತೆಯ ಧೂಳು, ಹಳೆಯ ನೆಗಡಿ ಎಂದು ಎಲ್ಲರೂ ಒಪ್ಪಿಕೊಂಡರು, ಅವರು ಕರ್ಪೂರ ಮೂಸಿ ಮಲಗಿದರು.

ಇಡೀ ಪ್ರಕರಣದಲ್ಲಿ ಕಾಯಿಲೆ ಮೊದಲು ಮಾತನಾಡಿದ್ದು ಆ ಏರಿನಲ್ಲಿ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಎಡಿಮಾ, ವೈದ್ಯರ ಮಾತಿನಲ್ಲಿ ಹೇಪ್, ಹೊಸ ಎತ್ತರ ತಲುಪಿದ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ, ಬಹಳ ಸಲ ಎರಡನೆಯ ರಾತ್ರಿಯಲ್ಲಿ, ಹೊರಬೀಳುತ್ತದೆ. ಅದರ ಅತ್ಯಂತ ಮೊದಲ ಚಿಹ್ನೆ ಉಬ್ಬಸವೂ ಅಲ್ಲ, ನೊರೆ ಕಫವೂ ಅಲ್ಲ. ನಿನ್ನೆ ಸಾಧ್ಯವಾದ ಕೆಲಸ ಇವತ್ತು ಸಾಧ್ಯವಾಗದಿರುವುದು, ಏರು ಹತ್ತಿ ನಿಂತ ಮೇಲೂ ಉಸಿರು ಬೇಗ ಹದಕ್ಕೆ ಬಾರದಿರುವುದು. ತಲೆನೋವು ಇಲ್ಲವೆಂದ ಮಾತ್ರಕ್ಕೆ ಹೇಪ್ ಇಲ್ಲವೆನ್ನುವಂತಿಲ್ಲ. ಹೇಪ್ ಬಂದವರಲ್ಲಿ ಅನೇಕರಿಗೆ ಎ.ಎಂ.ಎಸ್. ಲಕ್ಷಣಗಳೇ ಇರುವುದಿಲ್ಲ, ಯಾಕೆಂದರೆ ಎರಡೂ ಬೇರೆ ಬೇರೆ ಅಂಗಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಹುಟ್ಟುವ ತೊಂದರೆಗಳು.

ರಾತ್ರಿ ಹನ್ನೊಂದರ ಹೊತ್ತಿಗೆ ಹೆಂಡತಿ ಎಚ್ಚರಗೊಂಡಾಗ ಅವರು ದಿಂಬಿಗೆ ಒರಗಿ ಕುಳಿತಿದ್ದರು, ಮಲಗಿದರೆ ಉಸಿರು ಕಟ್ಟುತ್ತದೆ ಎಂದರು. ಪಕ್ಕದ ಟೆಂಟಿನ ಗೆಳೆಯನನ್ನು ಎಬ್ಬಿಸಿ ಹೆಂಡತಿ ಹೇಳಿದ್ದು ಇಷ್ಟೇ: "ಒಂದು ಮಾತು ಪೂರ್ತಿ ಹೇಳೋಕೂ ಇವರಿಗೆ ಆಗ್ತಿಲ್ಲ ಕಣಣ್ಣ, ನಡುನಡುವೆ ನಿಲ್ಲಿಸ್ತಿದ್ದಾರೆ." ಕ್ಯಾಂಪಿನ ಮ್ಯಾನೇಜರ್ ಆಕ್ಸಿಮೀಟರ್ ತಂದರು. ಬೆರಳು ತಣ್ಣಗಿದ್ದರೆ ಅದು ತಪ್ಪು ಸಂಖ್ಯೆ ತೋರಿಸುತ್ತದೆ ಎಂದು ಗೊತ್ತಿದ್ದ ಅವರು, ರೋಗಿಯ ಕೈಯನ್ನು ಬಿಸಿನೀರಿನ ಬಾಟಲಿಗೆ ಹಿಡಿಸಿ, ಎರಡು ನಿಮಿಷ ಬಿಟ್ಟು ನೋಡಿದರು. ಆಮ್ಲಜನಕದ ಮಟ್ಟ 68, ನಾಡಿ ನಿಮಿಷಕ್ಕೆ 124. ಉಸಿರು ನಿಮಿಷಕ್ಕೆ 32. ಉಳಿದ ಮೂವರ ಬೆರಳಿಗೂ ಇಟ್ಟು ನೋಡಿದಾಗ 83ರಿಂದ 86ರವರೆಗೆ ಬಂತು.

ಈ ಹೋಲಿಕೆಯೇ ನಿರ್ಣಾಯಕ. ಆ ಎತ್ತರದಲ್ಲಿ 84 ಅಸಹಜವಲ್ಲ, ಊರಿನಲ್ಲಿ ಅದೇ ಸಂಖ್ಯೆ ತುರ್ತು ಸ್ಥಿತಿ. ಹೀಗಾಗಿ ಒಂಟಿ ಸಂಖ್ಯೆಯನ್ನು ನೋಡಿ ಹೆದರುವುದರಲ್ಲೂ ಸಮಾಧಾನಪಡುವುದರಲ್ಲೂ ಅರ್ಥವಿಲ್ಲ. ಒಂದೇ ದಾರಿಯಲ್ಲಿ ಒಂದೇ ದಿನ ಬಂದವರಿಗಿಂತ ಒಬ್ಬರದು ಹದಿನೈದು ಅಂಶದಷ್ಟು ಕೆಳಗಿದ್ದು, ಕುಳಿತಲ್ಲೇ ಏದುಸಿರು, ಕೆಮ್ಮು, ವೇಗದ ನಾಡಿ ಇದ್ದರೆ, ಎದೆಗೆ ಸ್ಟೆತಸ್ಕೋಪ್ ಇಡುವ ವೈದ್ಯರು ಇಲ್ಲದಿದ್ದರೂ ಹೇಪ್ ಎಂದೇ ಹಿಡಿದು ಮುಂದುವರಿಯಬೇಕು. ನ್ಯುಮೋನಿಯಾ ಇರಬಹುದೇ ಎಂಬ ಪ್ರಶ್ನೆ ಏಳುತ್ತದೆ, ಹೇಪ್‌ನಲ್ಲೂ ಸಣ್ಣ ಜ್ವರ ಬರುವುದುಂಟು. ಆಮ್ಲಜನಕ ಕೊಟ್ಟ ಕೆಲವೇ ನಿಮಿಷಗಳಲ್ಲಿ ಮಟ್ಟ ಚೆನ್ನಾಗಿ ಏರಿದರೆ ಹೇಪ್‌ನ ಸಂಭವ ಹೆಚ್ಚು. ಆ ರಾತ್ರಿ ಎರಡರಲ್ಲಿ ಯಾವುದಾದರೂ ಮಾಡಬೇಕಾದದ್ದು ಒಂದೇ ಆದ್ದರಿಂದ ಈ ಚರ್ಚೆಯನ್ನು ಬೆಳಗಿಗೆ ಬಿಡಬಹುದು.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಅವರು ತೂರಾಡಲಿಲ್ಲ, ದಿನ ಮತ್ತು ಸ್ಥಳ ಸರಿಯಾಗಿ ಹೇಳಿದರು. ತೂರಾಡಿದ್ದರೆ ಮಿದುಳೂ ಊದಿಕೊಳ್ಳುತ್ತಿದೆ ಎಂದರ್ಥ, ಆಗ ಡೆಕ್ಸಾಮೆಥಾಸೋನ್ 8 ಮಿಲಿಗ್ರಾಂ ತಕ್ಷಣ ಕೊಡಬೇಕಾಗುತ್ತಿತ್ತು.

ಶ್ವಾಸಕೋಶದೊಳಗೆ ನಡೆದದ್ದು

ಶ್ವಾಸಕೋಶದ ರಕ್ತನಾಳಗಳಿಗೆ ಒಂದು ವಿಶೇಷ ಗುಣವಿದೆ. ದೇಹದ ಬೇರೆ ಕಡೆ ಆಮ್ಲಜನಕ ಕಡಿಮೆಯಾದರೆ ನಾಳಗಳು ಹಿಗ್ಗುತ್ತವೆ, ಇಲ್ಲಿ ಮಾತ್ರ ಕುಗ್ಗುತ್ತವೆ. ಊರಿನಲ್ಲಿ ಇದು ಉಪಕಾರಿ. ಶ್ವಾಸಕೋಶದ ಒಂದು ಭಾಗಕ್ಕೆ ಗಾಳಿ ಹೋಗದಿದ್ದರೆ ರಕ್ತವನ್ನು ಅಲ್ಲಿಂದ ತಿರುಗಿಸಿ ಗಾಳಿ ಇರುವ ಕಡೆ ಕಳಿಸುತ್ತದೆ. ಎತ್ತರದಲ್ಲಿ ಇಡೀ ಶ್ವಾಸಕೋಶಕ್ಕೇ ಆಮ್ಲಜನಕ ಕಡಿಮೆ, ಆದ್ದರಿಂದ ಎಲ್ಲೆಡೆಯೂ ನಾಳಗಳು ಕುಗ್ಗಿ ಹೃದಯದ ಬಲಭಾಗ ತಳ್ಳಬೇಕಾದ ಒತ್ತಡ ಏರುತ್ತದೆ. ಕೆಲವರಲ್ಲಿ ಈ ಕುಗ್ಗುವಿಕೆ ಹುಟ್ಟಿನಿಂದಲೇ ಅತಿರೇಕದ್ದು, ಮತ್ತು ಅದು ಸಮನಾಗಿಯೂ ಇರುವುದಿಲ್ಲ. ಹೆಚ್ಚು ಕುಗ್ಗಿದ ಕಡೆ ರಕ್ತ ನುಗ್ಗಲಾಗದೆ, ಕಡಿಮೆ ಕುಗ್ಗಿದ ಭಾಗಗಳ ಮೇಲೆ ಎಲ್ಲ ಭಾರವೂ ಬೀಳುತ್ತದೆ. ಅರ್ಧ ಕಾಲುವೆ ಮುಚ್ಚಿದಾಗ ಉಳಿದ ಕಾಲುವೆಯ ಏರಿ ಒಡೆಯುವ ಹಾಗೆ ಅಲ್ಲಿನ ಸೂಕ್ಷ್ಮ ಲೋಮನಾಳಗಳ ಗೋಡೆ ಒತ್ತಡಕ್ಕೆ ಸೀಳಿ, ಪ್ರೋಟೀನ್ ಮತ್ತು ಕೆಂಪುಕಣಗಳಿರುವ ದ್ರವ ಗಾಳಿಗೂಡುಗಳಿಗೆ ಸೋರುತ್ತದೆ. ಎಕ್ಸ್‌ರೇಯಲ್ಲಿ ಹತ್ತಿಯ ಉಂಡೆಗಳಂಥ ಚದುರಿದ ಮಚ್ಚೆ ಕಾಣುವುದು, ಕೊನೆಯ ಹಂತದಲ್ಲಿ ಕಫ ಗುಲಾಬಿ ಬಣ್ಣಕ್ಕೆ ತಿರುಗುವುದು ಇದರಿಂದಲೇ.

ವ್ಯಾಯಾಮ ಮತ್ತು ಚಳಿ ಎರಡೂ ಈ ಒತ್ತಡವನ್ನು ಇನ್ನಷ್ಟು ಏರಿಸುತ್ತವೆ. ಗುಡ್ಡ ಹತ್ತಿದ್ದು, ನಂತರದ ಚಳಿಯ ರಾತ್ರಿ, ಶ್ವಾಸಕೋಶದ ಒಳಪದರವನ್ನು ಆಗಲೇ ಕೆರಳಿಸಿದ್ದ ನೆಗಡಿ, ಮೂರೂ ಒಂದೇ ದಿಕ್ಕಿಗೆ ತಳ್ಳಿದವು. ದೇಹದಾರ್ಢ್ಯ ಇಲ್ಲಿ ರಕ್ಷಣೆ ಕೊಡುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಏರುತ್ತಾರೆ, ಹೆಚ್ಚು ದಣಿಸಿಕೊಳ್ಳುತ್ತಾರೆ, ಅದೇ ಅವರಿಗೆ ಮುಳುವಾಗುತ್ತದೆ.

ಹೃದಯದ ಎಡಭಾಗ ಇಲ್ಲಿ ಸರಿಯಾಗಿಯೇ ಇರುತ್ತದೆ ಎಂಬುದು ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯ. 1960ರಲ್ಲಿ ಅಮೆರಿಕದ ಚಾರ್ಲ್ಸ್ ಹ್ಯೂಸ್ಟನ್ ಇದನ್ನು ಹೃದಯದ ಕಾಯಿಲೆಯಿಂದ ಬೇರ್ಪಡಿಸಿ ವರ್ಣಿಸುವ ಮುನ್ನ ನ್ಯುಮೋನಿಯಾ ಅಥವಾ ಹೃದಯ ವೈಫಲ್ಯ ಎಂದು ಬಗೆಯುವುದೇ ರೂಢಿಯಾಗಿತ್ತು. 1962ರ ಯುದ್ಧದ ಕಾಲದಲ್ಲಿ ಬಯಲು ನಾಡಿನಿಂದ ಹಠಾತ್ತಾಗಿ ಹಿಮಾಲಯಕ್ಕೆ ಒಯ್ಯಲ್ಪಟ್ಟ ಭಾರತೀಯ ಸೈನಿಕರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು, ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1965ರಲ್ಲೂ 1969ರಲ್ಲೂ ಪ್ರಕಟಿಸಿದ ಬರಹಗಳನ್ನು ಜಗತ್ತು ಇಂದಿಗೂ ಉಲ್ಲೇಖಿಸುತ್ತದೆ. ಆಗ ನೀರನ್ನು ಹೊರಗೆಳೆಯಲು ಫ್ರುಸೆಮೈಡ್ ಕೊಡುತ್ತಿದ್ದರು. ಈಗ ಕೊಡುವುದಿಲ್ಲ. ಹೇಪ್ ರೋಗಿಯ ರಕ್ತನಾಳಗಳಲ್ಲಿ ದ್ರವ ಮೊದಲೇ ಕಡಿಮೆಯಿರುತ್ತದೆ, ಇನ್ನಷ್ಟು ಹಿಂಡಿದರೆ ರಕ್ತದೊತ್ತಡ ಕುಸಿಯುತ್ತದೆ. "ಶ್ವಾಸಕೋಶದಲ್ಲಿ ನೀರು" ಎಂದು ಕೇಳಿದ ಕೂಡಲೇ ಮೂತ್ರದ ಮಾತ್ರೆ ನೆನಪಾಗುವವರು ಇಂದಿಗೂ ಇದ್ದಾರೆ, ಅದಕ್ಕಾಗಿ ಇದನ್ನು ಬಿಡಿಸಿ ಹೇಳಬೇಕಾಯಿತು.

ಯಾವ ದಾರಿ

ಹೇಪ್‌ಗೆ ಇಳಿಯುವುದೇ ಮದ್ದು, ಕನಿಷ್ಠ 1,000 ಮೀಟರ್ ಅಥವಾ ಲಕ್ಷಣಗಳು ಇಳಿಯುವವರೆಗೆ. ಎವರೆಸ್ಟ್ ಬೇಸ್ ಕ್ಯಾಂಪಿನ ಹಾದಿಯಲ್ಲಿ ಇದಕ್ಕೆ ಬಂದ ದಾರಿಯಲ್ಲೇ ಹಿಂದಿರುಗಿದರೆ ಸಾಕು. ಪಾಂಗಾಂಗ್‌ನಲ್ಲಿ ಹಾಗಲ್ಲ. ಆಸ್ಪತ್ರೆಯಿರುವ ಲೇಹ್ 750 ಮೀಟರ್ ಕೆಳಗಿದ್ದರೂ ಅಲ್ಲಿಗೆ ಹೋಗುವ ನೇರ ದಾರಿ ಸುಮಾರು 5,360 ಮೀಟರ್‌ನ ಚಾಂಗ್ ಲಾ ಹತ್ತಿ ಇಳಿಯುತ್ತದೆ. ಇಳಿಯಬೇಕೆಂದರೆ ಮೊದಲು 1,100 ಮೀಟರ್ ಏರಬೇಕು.

ರಾತ್ರಿ ಹನ್ನೊಂದೂವರೆಗೆ ಅವರೆದುರು ನಾಲ್ಕು ಆಯ್ಕೆಗಳಿದ್ದವು. ಬೆಳಗಾಗುವವರೆಗೆ ಕಾಯುವುದು, ಮ್ಯಾನೇಜರ್ ಮೊದಲು ಹೇಳಿದ್ದು ಇದನ್ನೇ. ಕತ್ತಲಲ್ಲೇ ಚಾಂಗ್ ಲಾ ದಾಟಿ ಲೇಹ್ ಸೇರುವುದು. ಬಂದ ಹಾಗೆಯೇ ಶ್ಯೋಕ್ ದಂಡೆ ಹಿಡಿದು ನುಬ್ರಾಕ್ಕೆ ಮರಳುವುದು, ಅಲ್ಲಿಗೆ ಯಾವ ಕಣಿವೆಮಾರ್ಗವನ್ನೂ ಹತ್ತಬೇಕಾಗಿಲ್ಲ, ಸಾಗಿದಷ್ಟೂ ಇಳಿಜಾರು, ಆದರೆ ಮಳೆಗಾಲದಲ್ಲಿ ಹಿಮ ಕರಗಿದ ನೀರು ರಸ್ತೆಯನ್ನು ಕೊಚ್ಚುವುದುಂಟು, ನಡುವೆ ಊರುಗಳು ವಿರಳ. ಕೊನೆಯದು ಒಂದೂವರೆ ಗಂಟೆ ದೂರದ ತಂಗ್ತ್ಸೆಗೆ ಹೋಗುವುದು, ಅಲ್ಲಿ ಸರ್ಕಾರಿ ಆರೋಗ್ಯ ಕೇಂದ್ರವಿದೆ, ಎತ್ತರ ಸುಮಾರು 3,950 ಮೀಟರ್. ಇಳಿಕೆ 300 ಮೀಟರ್ ಮಾತ್ರ.

ಇವುಗಳಲ್ಲಿ ಒಂದನ್ನು ಆರಿಸಲು ಕ್ಯಾಂಪಿನಲ್ಲಿ ಆಮ್ಲಜನಕ ಎಷ್ಟಿದೆ ಎಂಬುದು ಗೊತ್ತಾಗಬೇಕಿತ್ತು. ಪ್ರವಾಸಿಗರು ತಂದ ಕೈಹಿಡಿಯ ಕ್ಯಾನು ಎರಡಿದ್ದವು. ಅಂಥ ಕ್ಯಾನಿನಲ್ಲಿ ಹೆಚ್ಚೆಂದರೆ ಹತ್ತು ಲೀಟರ್ ಅನಿಲ ಇರುತ್ತದೆ, ನಿಮಿಷಕ್ಕೆ ಎರಡು ಲೀಟರ್‌ನಂತೆ ಐದು ನಿಮಿಷ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕ್ಯಾಂಪಿನ ಸಿಲಿಂಡರು ಐದು ಲೀಟರ್ ಗಾತ್ರದ್ದು, ಗೇಜ್‌ನ ಮುಳ್ಳು 100 ಬಾರ್ ತೋರಿಸುತ್ತಿತ್ತು. ಐದು ಗುಣಿಸು ನೂರು, 500 ಲೀಟರ್. ನಿಮಿಷಕ್ಕೆ ನಾಲ್ಕು ಲೀಟರ್ ಬಿಟ್ಟರೆ 125 ನಿಮಿಷ.

ತಂಗ್ತ್ಸೆಗೆ ಇದು ಸಾಕು, ಲೇಹ್‌ಗೆ ಸಾಲದು. ಲೇಹ್‌ಗೆ ಹೊರಟಿದ್ದರೆ ಸಿಲಿಂಡರು ಖಾಲಿಯಾಗುವುದು ಚಾಂಗ್ ಲಾದ ಏರಿನಲ್ಲಿ. ಅಲ್ಲಿನ ಗಾಳಿಯ ಒತ್ತಡ ಸುಮಾರು 395 ಎಂದು ಹಿಡಿದು ಮೊದಲಿನ ಲೆಕ್ಕ ಹಾಕಿದರೆ, ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕದ ಒತ್ತಡ 73. ಪಾಂಗಾಂಗ್‌ನ 86ರಲ್ಲೇ ಮುಳುಗುತ್ತಿದ್ದವರಿಗೆ ಅದು ಸಾವಿನ ದಾರಿ. ಕಾಯುವ ಆಯ್ಕೆಯನ್ನೂ ಇದೇ ಅಂಕಿ ತಳ್ಳಿಹಾಕುತ್ತದೆ, ಎರಡು ಗಂಟೆಯ ಆಮ್ಲಜನಕ ಬೆಳಗಿನ ಜಾವದ ಮುಂಚೆಯೇ ಮುಗಿಯುತ್ತದೆ, ರಾತ್ರಿ ಕಳೆದಂತೆ ಹೇಪ್ ಉಲ್ಬಣಿಸುತ್ತದೆ, ಆಗ ಹೊರಡಲು ಏನೂ ಉಳಿದಿರುವುದಿಲ್ಲ. ಅವರು ತಂಗ್ತ್ಸೆಯನ್ನು ಆರಿಸಿದರು. ನನ್ನ ಅಭಿಪ್ರಾಯದಲ್ಲಿ ಅದೇ ಸರಿಯಾದ ನಿರ್ಧಾರ. ಸಿಲಿಂಡರೇ ಇಲ್ಲದಿದ್ದರೂ ಮೊದಲ ಗುರಿ ತಂಗ್ತ್ಸೆಯೇ, ಅಲ್ಲಿಯೂ ಆಮ್ಲಜನಕ ಸಿಗದ ಪಕ್ಷದಲ್ಲಿ ಶ್ಯೋಕ್ ರಸ್ತೆ ಎಷ್ಟೇ ಕೆಟ್ಟಿದ್ದರೂ ನುಬ್ರಾದ ಕಡೆಗೇ ಸಾಗಬೇಕಾಗುತ್ತಿತ್ತು, ಚಾಂಗ್ ಲಾದ ಕಡೆಗಲ್ಲ.

ಹೊರಡುವಾಗ ಎರಡು ವಿಷಯಗಳನ್ನು ಸರಿಯಾಗಿ ನೋಡಿಕೊಂಡರು. ರೋಗಿಯನ್ನು ವಾಹನದವರೆಗೆ ನಡೆಸದೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು, ಮತ್ತು ಎರಡು ಕಂಬಳಿ ಹೊದಿಸಿ ಬೆನ್ನು ನೇರವಾಗಿಟ್ಟು ಕೂರಿಸಿದರು. ನಾಲ್ಕು ಲೀಟರ್ ಆಮ್ಲಜನಕದಲ್ಲಿ ಹತ್ತು ನಿಮಿಷಕ್ಕೆ ಮಟ್ಟ 68ರಿಂದ 84ಕ್ಕೆ ಏರಿತು. ತಂಗ್ತ್ಸೆಯಲ್ಲಿ ವೈದ್ಯರು ಬಲ ಕಂಕುಳ ಕೆಳಗೆ ಚರಚರ ಸದ್ದನ್ನು ಕೇಳಿದರು, ಆಮ್ಲಜನಕ ಮುಂದುವರಿಸಿ, ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ 30 ಮಿಲಿಗ್ರಾಂ ಕೊಟ್ಟರು. ನಿಫೆಡಿಪಿನ್ ಶ್ವಾಸಕೋಶದ ರಕ್ತನಾಳಗಳನ್ನು ಸಡಿಲಿಸುತ್ತದೆ. ಆದರೆ ಆಮ್ಲಜನಕ ಅದೇ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡುವುದರಿಂದ, ಆಮ್ಲಜನಕ ಅಥವಾ ಇಳಿಕೆ ಕೈಗೆಟುಕದ ಕಡೆಯೇ ಮಾತ್ರೆಯ ನಿಜವಾದ ಉಪಯೋಗ.

ಬೆಳಿಗ್ಗೆ ಏಳಕ್ಕೆ ಮಟ್ಟ 91, ಉಸಿರು 24. ಈಗ ಎರಡನೆಯ ನಿರ್ಧಾರ. ಹಿಂದಿನ ರಾತ್ರಿ ಸಾವಿನ ದಾರಿಯಾಗಿದ್ದ ಚಾಂಗ್ ಲಾ ಈಗ ಸರಿಯಾದ ದಾರಿಯಾಯಿತು, ಬದಲಾದದ್ದು ಸಿಲಿಂಡರು ಮಾತ್ರ. ನಿಮಿಷಕ್ಕೆ ನಾಲ್ಕು ಲೀಟರ್ ಆಮ್ಲಜನಕ ಮೂಗಿನ ನಳಿಕೆಯಲ್ಲಿ ಹೋದಾಗ ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇಕಡ 35 ಆಗುತ್ತದೆ. 395ರಲ್ಲಿ 47 ಕಳೆದು 348, ಅದರ ಶೇಕಡ 35 ಎಂದರೆ 122. ಎಂದರೆ ಚಾಂಗ್ ಲಾದ ನೆತ್ತಿಯಲ್ಲೂ ಅವರ ಶ್ವಾಸಕೋಶ ಲೇಹ್‌ಗಿಂತ ಕೆಳಗಿನ ಊರಿನಲ್ಲಿದ್ದಂತೆ. ಏದುಸಿರಿನಲ್ಲಿ ಹೊರಗಾಳಿ ಹೆಚ್ಚು ಬೆರೆಯುವುದರಿಂದ ನಿಜವಾದ ಪಾಲು ಇದಕ್ಕಿಂತ ಕಡಿಮೆಯಿರುತ್ತದೆ, ಆದರೂ ಲೇಹ್‌ನ 95ಕ್ಕಿಂತ ಕೆಳಗೆ ಇಳಿಯದಿರಲು ಸಾಕಷ್ಟು ಅಂತರವಿದೆ. ನಾಲ್ಕು ಗಂಟೆಯ ಪ್ರಯಾಣಕ್ಕೆ 960 ಲೀಟರ್ ಬೇಕು. ಟೈರ್ ಪಂಕ್ಚರ್, ಸೇನಾ ವಾಹನಗಳ ಸಾಲು, ಕಣಿವೆಮಾರ್ಗದಲ್ಲಿ ಹಿಮ ಏನಾದರೂ ಆಗಬಹುದಾದ್ದರಿಂದ ಅದರ ಎರಡರಷ್ಟು ಇರಲೇಬೇಕು. ಆಂಬುಲೆನ್ಸಿನಲ್ಲಿ 1,500 ಲೀಟರ್ ಹಿಡಿಯುವ ಸಿಲಿಂಡರು ಎರಡಿದ್ದವು. ಒಂದೇ ಇದ್ದಿದ್ದರೆ ಕಾಯುವುದು ಒಳ್ಳೆಯದಿತ್ತು, ಆಮ್ಲಜನಕ ಮತ್ತು ವೈದ್ಯರ ನಿಗಾ ಎರಡೂ ಇರುವಲ್ಲಿ ಸುಧಾರಿಸುತ್ತಿರುವ ಹೇಪ್ ರೋಗಿಯನ್ನು ಅವಸರದಿಂದ ಸಾಗಿಸಬೇಕಾಗಿಲ್ಲ.

ಲೇಹ್‌ನಲ್ಲಿ

ಎಕ್ಸ್‌ರೇಯಲ್ಲಿ ಬಲಭಾಗದಲ್ಲಿ ಹೆಚ್ಚು, ಎಡಭಾಗದಲ್ಲಿ ಕಡಿಮೆ ಚದುರಿದ ಮಚ್ಚೆಗಳಿದ್ದವು, ಹೃದಯದ ಗಾತ್ರ ಸಹಜವಾಗಿತ್ತು. ಎರಡು ದಿನ ಆಮ್ಲಜನಕ ಮತ್ತು ವಿಶ್ರಾಂತಿ. ಮೂರನೆಯ ದಿನ ಆಮ್ಲಜನಕವಿಲ್ಲದೆ ಮಟ್ಟ 90ರ ಆಸುಪಾಸು ನಿಂತಿತು, ವಾರ್ಡಿನಲ್ಲಿ ನಡೆದಾಡಿದರೂ ಹೆಚ್ಚು ಇಳಿಯಲಿಲ್ಲ. ವಿಮಾನದಲ್ಲಿ ಹೋಗಬಹುದೇ ಎಂದು ಮನೆಯವರು ಆತಂಕಪಟ್ಟರು. ವಿಮಾನದ ಒಳಗಿನ ಒತ್ತಡ ಹೆಚ್ಚೆಂದರೆ ಸುಮಾರು 2,400 ಮೀಟರ್ ಎತ್ತರಕ್ಕೆ ಸಮ, ಆದ್ದರಿಂದ ಲೇಹ್‌ನಿಂದ ವಿಮಾನ ಹತ್ತುವುದೇ ಸಾವಿರ ಮೀಟರ್ ಇಳಿದಂತೆ.

ಮುಂದಿನ ಸಲ ಹೋಗುವುದಾದರೆ

ಒಮ್ಮೆ ಹೇಪ್ ಬಂದವರು ಅದೇ ವೇಗದಲ್ಲಿ ಮತ್ತೆ ಏರಿದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ಮರುಕಳಿಸುತ್ತದೆ. ಹಾಗೆಂದು ಇವರು ಹಿಮಾಲಯವನ್ನೇ ಬಿಡಬೇಕಿಲ್ಲ. ಮೊದಲು ಎಕೋ ಮಾಡಿಸಿ ಹೃದಯದ ಗೋಡೆಯಲ್ಲಿ ರಂಧ್ರ, ಶ್ವಾಸಕೋಶದ ಒಂದು ಕಡೆಯ ಮುಖ್ಯ ನಾಳ ಹುಟ್ಟಿನಿಂದಲೇ ಇಲ್ಲದಿರುವುದು ಮುಂತಾದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಂತರ ಏರುವ ಹಿಂದಿನ ದಿನದಿಂದ ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ 30 ಮಿಲಿಗ್ರಾಂ ಹನ್ನೆರಡು ಗಂಟೆಗೊಮ್ಮೆ, ವೈದ್ಯರ ಸಲಹೆಯ ಮೇಲೆ. ಅಸಿಟಜೋಲಮೈಡ್ ಎ.ಎಂ.ಎಸ್.ಗೆ ಚೆನ್ನಾಗಿ ಕೆಲಸ ಮಾಡಿದರೂ ಹೇಪ್ ತಡೆಯುವುದಕ್ಕೆ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಔಷಧಿಗಿಂತ ಮುಖ್ಯವಾದದ್ದು ರಾತ್ರಿಗಳ ಜೋಡಣೆ. ನಮ್ಮ ಸೇನೆ ಬಯಲಿನಿಂದ ಬಂದವರನ್ನು 2,700ರಿಂದ 3,600 ಮೀಟರ್‌ನಲ್ಲಿ ಆರು ದಿನ, ನಂತರ 4,500ರವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಇನ್ನೂ ನಾಲ್ಕು ದಿನ ಹಂತಹಂತವಾಗಿ ಹೊಂದಿಸುತ್ತದೆ. ಒಂದು ವಾರದ ರಜೆಯಲ್ಲಿ ಬಂದ ಪ್ರವಾಸಿಗೆ ಅಷ್ಟು ಪುರಸೊತ್ತಿಲ್ಲ ಎಂಬುದು ನಿಜ. ಆದರೂ ಇದೇ ಏಳು ದಿನದಲ್ಲಿ ಲೇಹ್‌ನಲ್ಲಿ ಮೂರು ರಾತ್ರಿ, ನಾಲ್ಕನೆಯ ರಾತ್ರಿ ತಂಗ್ತ್ಸೆಯ ಹೋಮ್‌ಸ್ಟೇಯಲ್ಲಿ, ಐದನೆಯ ರಾತ್ರಿ ಪಾಂಗಾಂಗ್, ಆರನೆಯ ದಿನ ಶ್ಯೋಕ್ ಮೂಲಕ ನುಬ್ರಾಕ್ಕೆ ಇಳಿಯುವುದು ಎಂದು ಕ್ರಮ ತಿರುಗಿಸಿದರೆ 3,500, 3,950, 4,250, 3,100 ಆಗುತ್ತದೆ. ಲೇಹ್ ಬಿಟ್ಟ ಮೇಲೆ ಯಾವ ಜಿಗಿತವೂ 500 ಮೀಟರ್ ದಾಟುವುದಿಲ್ಲ, ಪಾಂಗಾಂಗ್‌ನಲ್ಲಿ ಎರಡನೆಯ ರಾತ್ರಿಯೇ ಇರುವುದಿಲ್ಲ, ಮರುದಿನದ ದಾರಿ ಪೂರ್ತಿ ಇಳಿಜಾರು. ಅಲ್ಲಿ ಟೆಂಟ್ ಕಾಯ್ದಿರಿಸುವಾಗ ಬಿಸಿನೀರು, ವೈಫೈ ಕೇಳುವವರು ಸಿಲಿಂಡರಿನ ಗಾತ್ರ ಎಷ್ಟು, ಗೇಜ್ ಎಷ್ಟು ಬಾರ್ ತೋರಿಸುತ್ತಿದೆ, ರಾತ್ರಿ ಹೊರಡಲು ಚಾಲಕ ಕ್ಯಾಂಪಿನಲ್ಲೇ ಮಲಗುತ್ತಾರೆಯೇ ಎಂದು ಕೂಡ ಕೇಳಬೇಕು.